ಹದಿನಾರು ಸೋಮವಾರ: ಸಂಕಲ್ಪದ ಮಾತು ಮತ್ತು ವ್ರತದ ಮುಕ್ತಾಯ

ಮಲಪ್ರಭೆಯ ಸೀಮೆಯ ಸುರೇಬಾನ, ರಾಮದುರ್ಗ, ಸವದತ್ತಿಗಳ ಮನೆಗಳಲ್ಲಿ ವಾರ ಹಿಡಿಯುವುದು ಇಂದಿಗೂ ರೂಢಿಯಲ್ಲಿದೆ. ಸವದತ್ತಿಯ ಎಲ್ಲಮ್ಮನಿಗೆ ಮಂಗಳವಾರ, ಶುಕ್ರವಾರ, ಶಿವನಿಗೆ ಸೋಮವಾರ. ಇವುಗಳಲ್ಲಿ ಆರಂಭ ಮತ್ತು ಅಂತ್ಯ ಎರಡೂ ಸ್ಪಷ್ಟವಾಗಿರುವುದು ಹದಿನಾರು ಸೋಮವಾರದ ವ್ರತಕ್ಕೆ. ಸಾಮಾನ್ಯವಾಗಿ ಉಪವಾಸದ ದಿನ ಏನು ತಿನ್ನಬಹುದು, ಏನು ತಿನ್ನಬಾರದು ಎಂಬುದರ ಬಗ್ಗೆಯೇ ಹೆಚ್ಚು ಚರ್ಚೆ ನಡೆಯುತ್ತದೆ. ಆದರೆ ಧರ್ಮಶಾಸ್ತ್ರದ ನಿಬಂಧಗಳನ್ನೂ ಮನೆಯ ರೂಢಿಯನ್ನೂ ಒಟ್ಟಿಗಿಟ್ಟು ನೋಡಿದರೆ, ವಾರವ್ರತ ಕೆಡುವುದು ಹೆಚ್ಚಾಗಿ ಊಟದಲ್ಲಿ ಅಲ್ಲ, ಮೊದಲ ದಿನದ ಮಾತಿನಲ್ಲಿ. ಮುಕ್ತಾಯವನ್ನು ಒಳಗೊಳ್ಳದ ಸಂಕಲ್ಪ ಅಪೂರ್ಣ ಎಂಬುದು ಈ ಲೇಖನದ ವಾದ.

ವ್ರತಗಳೆಲ್ಲ ಸಂಕಲ್ಪದಿಂದಲೇ ಹುಟ್ಟುತ್ತವೆ ಎಂದು ಮನುಸ್ಮೃತಿಯ 2ನೇ ಅಧ್ಯಾಯದ 3ನೇ ಶ್ಲೋಕ ಹೇಳುತ್ತದೆ. ಅಂದರೆ ಹಸಿದಿರುವುದಷ್ಟೇ ವ್ರತವಲ್ಲ. ಕೆಲಸದ ಗಡಿಬಿಡಿಯಲ್ಲಿ ಸೋಮವಾರ ಉಣ್ಣದೆ ಉಳಿದವನೂ ಸೋಮವಾರ ಹಿಡಿದವಳೂ ಒಂದೇ ಹಸಿವನ್ನು ಅನುಭವಿಸಿರಬಹುದು; ಅವರಿಬ್ಬರ ನಡುವಿನ ವ್ಯತ್ಯಾಸ ಬೆಳಿಗ್ಗೆ ಮಾಡಿದ ನಿಶ್ಚಯದಲ್ಲಿದೆ. ಈ ನಿಶ್ಚಯಕ್ಕೆ ನಿಬಂಧಗಳು ಒಂದು ಕ್ರಮವನ್ನು ಕೊಟ್ಟಿವೆ: ಮುಂಜಾನೆ ಸ್ನಾನ ಮಾಡಿ, ನೀರು ತುಂಬಿದ ತಾಮ್ರದ ಪಾತ್ರೆಯನ್ನು ಹಿಡಿದು, ಉತ್ತರಕ್ಕೆ ಮುಖ ಮಾಡಿ ಸಂಕಲ್ಪಿಸಬೇಕು. ಪುರೋಹಿತರು ಹೇಳಿಸುವ ಸಂಕಲ್ಪದಲ್ಲಿ ಮೊದಲು ದೇಶ ಬರುತ್ತದೆ. ನಮ್ಮ ಸೀಮೆಯವರು ಗೋದಾವರಿಯ ದಕ್ಷಿಣ ತೀರವನ್ನು ಹೇಳುತ್ತಾರೆ. ನಂತರ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಆಮೇಲೆ ಮಾಡುವವರ ಗೋತ್ರ, ಹೆಸರು, ಬಯಸಿದ ಫಲ. ಕೊನೆಗೆ ಮಾಡುವ ಕರ್ಮ. ಈ ಉದ್ದನೆಯ ಸರಣಿಯಲ್ಲಿ ಕಾಲವನ್ನು ಅಷ್ಟು ವಿವರವಾಗಿ ಹೇಳಿಯೂ ವ್ರತ ಎಲ್ಲಿಯವರೆಗೆ ಎಂಬುದು ಬಿಟ್ಟುಹೋದರೆ, ಹೇಳಿದ್ದು ಆ ಒಂದು ದಿನಕ್ಕಷ್ಟೇ ಸಲ್ಲುತ್ತದೆಯೋ ಬದುಕಿಡೀ ಕಟ್ಟುತ್ತದೆಯೋ ತಿಳಿಯದು. ‘ಹಿಡಿದ ವಾರ ಬಿಡಬಾರದು’ ಎಂಬ ಹಿರಿಯರ ಮಾತಿಗೆ ಹೆದರಿ, ವಯಸ್ಸಾದ ಮೇಲೂ, ಮೈಗೆ ಆಗದಿದ್ದರೂ ಒಪ್ಪತ್ತು ನಡೆಸುವವರ ಕಷ್ಟದ ಮೂಲ ಇಲ್ಲಿದೆ.

ಸಂಸ್ಕೃತವಿಲ್ಲದೆ ಸಂಕಲ್ಪ ಸಲ್ಲದು ಎಂಬ ಆಕ್ಷೇಪವಿದೆ. ಸಂಕಲ್ಪ ಮೂಲತಃ ಮನಸ್ಸಿನ ಕ್ರಿಯೆ ಎಂದು ಒಪ್ಪಿದ ಮೇಲೆ ಈ ಆಕ್ಷೇಪಕ್ಕೆ ಬಲವಿಲ್ಲ. ಮಾತು ಮನಸ್ಸಿನ ನಿಶ್ಚಯವನ್ನು ಗಟ್ಟಿಗೊಳಿಸುತ್ತದೆ, ಹುಟ್ಟಿಸುವುದಿಲ್ಲ. ದೇವರ ಜಗಲಿಯ ಮುಂದೆ ನಿಂತು, “ಇವತ್ತಿನಿಂದ ಹದಿನಾರು ಸೋಮವಾರ ಒಪ್ಪತ್ತು ಇರತೀನಿ, ಹಗಲೆಲ್ಲ ಉಪವಾಸ, ಸಂಜೀ ಪೂಜಿ ಆದಮ್ಯಾಲ ಊಟ, ಹದಿನೇಳನೇ ಸೋಮವಾರ ನೈವೇದ್ಯ ಮಾಡಿ ಮುಗಸತೀನಿ” ಎಂದರೆ ಅದರಲ್ಲಿ ಆರಂಭ, ಎಣಿಕೆ, ಆಹಾರದ ನಿಯಮ, ಮುಕ್ತಾಯ ನಾಲ್ಕೂ ಇವೆ. ಅರ್ಥ ತಿಳಿಯದೆ ಒಪ್ಪಿಸಿದ ಸಂಸ್ಕೃತಕ್ಕಿಂತ ಈ ಮಾತು ಶಾಸ್ತ್ರದ ಆಶಯಕ್ಕೆ ಹತ್ತಿರವೆಂದೇ ನಾನು ತಿಳಿಯುತ್ತೇನೆ.

ಈ ಮಾತನ್ನು ಒಂದು ಪಂಚಾಂಗದ ಮೇಲಿಟ್ಟು ನೋಡಬಹುದು. ಕ್ರೋಧಿ ಸಂವತ್ಸರದಲ್ಲಿ, ಶಕ 1946ರ ಶ್ರಾವಣ ಶುದ್ಧ ಪಾಡ್ಯ ಸೋಮವಾರವೇ ಬಂದಿತ್ತು: 2024ರ ಆಗಸ್ಟ್ 5. ಅಂದು ಹಿಡಿದವರಿಗೆ ಹದಿನಾರನೆಯ ಸೋಮವಾರ ನವೆಂಬರ್ 18, ಮುಕ್ತಾಯ ನವೆಂಬರ್ 25. ಆರನೆಯ ವಾರವಾದ ಸೆಪ್ಟೆಂಬರ್ 9ರಂದು ಮುಟ್ಟಾಯಿತು ಎಂದುಕೊಳ್ಳೋಣ. ಆ ವಾರವನ್ನು ಎಣಿಕೆಯಿಂದ ಬಿಟ್ಟು ಕೊನೆಗೆ ಒಂದು ಸೋಮವಾರ ಕೂಡಿಸುವುದು ಅನೇಕ ಮನೆಗಳ ರೂಢಿ. ನಿಬಂಧಕಾರರ ನಿಲುವು ಬೇರೆ: ಹಿಡಿದ ವ್ರತದ ಉಪವಾಸವನ್ನು ಆಕೆಯೇ ಮಾಡಬೇಕು, ಪೂಜೆಯನ್ನು ಮಾತ್ರ ಬೇರೆಯವರಿಂದ ಮಾಡಿಸಬೇಕು. ಸೂತಕವೂ ಆರಂಭವಾದ ವ್ರತವನ್ನು ತಡೆಯುವುದಿಲ್ಲ. ಎರಡು ಕ್ರಮಗಳಲ್ಲೂ ಹದಿನಾರು ಪೂರ್ತಿಯಾಗುತ್ತದೆ, ಮುಗಿಯುವ ತಾರೀಖು ಮಾತ್ರ ಬೇರೆ. ಯಾವುದನ್ನು ಅನುಸರಿಸುತ್ತೇವೆಂದು ಮೊದಲೇ ನಿಶ್ಚಯಿಸಿದ್ದರೆ ನಡುವೆ ಗೊಂದಲವಿಲ್ಲ. ಔಷಧದಿಂದ ವ್ರತಭಂಗವಿಲ್ಲ, ನೀರು, ಗೆಡ್ಡೆಗೆಣಸು, ಹಣ್ಣು, ಹಾಲು ಸಹ ವ್ರತವನ್ನು ಕೆಡಿಸುವುದಿಲ್ಲ ಎಂದು ಸ್ಮೃತಿಗಳು ಸ್ಪಷ್ಟವಾಗಿ ಹೇಳಿವೆ. ಸಕ್ಕರೆ ಕಾಯಿಲೆಯವರು ಗುಳಿಗೆ ತಪ್ಪಿಸುವುದಕ್ಕೆ ಶಾಸ್ತ್ರದ ಆಧಾರವೇ ಇಲ್ಲ.

ದಿನದ ಮುಕ್ತಾಯವೂ ಸಂಕಲ್ಪವನ್ನೇ ಅವಲಂಬಿಸಿದೆ. ವಾರ ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಗಡಿಯಾರದ ರಾತ್ರಿ ಹನ್ನೆರಡಕ್ಕೆ ಸೋಮವಾರ ಮುಗಿಯುವುದಿಲ್ಲ. ಪೂರ್ಣ ಉಪವಾಸವೆಂದು ಸಂಕಲ್ಪಿಸಿದವರಿಗೆ ಪಾರಣೆ ಮಂಗಳವಾರ ಬೆಳಿಗ್ಗೆ. ನಕ್ತವೆಂದು ಸಂಕಲ್ಪಿಸಿದವರಿಗೆ ಅಂದಿನ ರಾತ್ರಿಯ ಊಟವೇ ವ್ರತದ ಅಂಗ; ಉಪವಾಸ ತಾಳಲಾರದೆ ಮಾಡಿದ ಸಡಿಲಿಕೆ ಅದಲ್ಲ. ಹೀಗಾಗಿ ನಕ್ತದವರು ಹೊತ್ತು ಮುಳುಗುವ ಮುನ್ನ ಉಂಡರೂ ತಪ್ಪು, ರಾತ್ರಿ ಉಣ್ಣದೆ ಮಲಗಿದರೂ ವ್ರತ ಅರ್ಧವಾಗುತ್ತದೆ. ರವಿವಾರದ ನಕ್ತಕ್ಕೆ ಮಾತ್ರ ಊಟ ಹಗಲಲ್ಲೇ, ಸೂರ್ಯನಿರುವಾಗಲೇ. ಹಗಲೆಲ್ಲ ಸಾಬೂದಾನಿ, ಶೇಂಗಾ ಎಂದು ಫರಾಳ ಮಾಡುತ್ತಾ ಸಂಜೆ ಮತ್ತೆ ಊಟಕ್ಕೆ ಕೂತರೆ ಒಪ್ಪತ್ತು ಎನ್ನುವ ಮಾತು ಉಳಿಯುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಅಕ್ಟೋಬರ್ 28ರ ಸೋಮವಾರ ಏಕಾದಶಿಯೂ ಹೌದು. ಎರಡನ್ನೂ ಹಿಡಿದವರಿಗೆ ಒಂದು ವ್ರತ ಉಣ್ಣು ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ. ನೀರು ಕುಡಿದದ್ದು ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು ಎಂಬ ವೇದವಾಕ್ಯವನ್ನು ಹಿಡಿದು ಸ್ಮಾರ್ತರು ದ್ವಾದಶಿಯ ಇಕ್ಕಟ್ಟಿನಲ್ಲಿ ನೀರಿನಿಂದಲೇ ಪಾರಣೆ ಮಾಡುವುದನ್ನು ಒಪ್ಪಿದ್ದಾರೆ. ಆ ನ್ಯಾಯವನ್ನು ಈ ಸಂಜೆಗೂ ಅನ್ವಯಿಸಬಹುದೆಂದು ನನ್ನ ಅಭಿಪ್ರಾಯ.

ಹದಿನಾರು ಸೋಮವಾರದ ಕಥೆಯಲ್ಲಿ ಗೋಧಿಹಿಟ್ಟಿನ ಪ್ರಸಾದವನ್ನು ಮೂರು ಪಾಲು ಮಾಡುವ ವಿಧಿಯಿದೆ: ಒಂದು ದೇವರಿಗೆ, ಒಂದು ಹಂಚಲು, ಒಂದು ವ್ರತಸ್ಥರಿಗೆ. ಹದಿನೇಳನೆಯ ಸೋಮವಾರ ತುಪ್ಪ ಬೆಲ್ಲ ಕಲಸಿದ ಚೂರ್ಮ. ನಮ್ಮ ಸೀಮೆಯ ಮಾದಲಿ ಇದರ ಹತ್ತಿರದ ಸಂಬಂಧಿ. ಹಂಚುವವರೆಗೂ ವ್ರತ ಒಬ್ಬರ ಖಾಸಗಿ ನಿಶ್ಚಯ. ಹಂಚಿದಾಗ ಓಣಿಯವರೂ ಅದರ ಮುಕ್ತಾಯಕ್ಕೆ ಸಾಕ್ಷಿಯಾಗುತ್ತಾರೆ. ಉದ್ಯಾಪನೆಗೆ ಖರ್ಚು ಕೂಡಿಲ್ಲವೆಂದು ವರ್ಷಗಟ್ಟಲೆ ಮುಂದೂಡುವುದು ಸಾಮಾನ್ಯ, ಆದರೆ ನಿಬಂಧಗಳು ದಾನವನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳುತ್ತವೆ. ಹೇಳಿದ ದಿನ ಒಂದು ಬಟ್ಟಲು ಮಾದಲಿ ಹಂಚಿ ಮುಗಿಸುವುದು ಮುಂದೂಡಿದ ದೊಡ್ಡ ಅಡುಗೆಗಿಂತ ಸರಿಯಾದ ಮುಕ್ತಾಯ.

ಲಿಂಗಾಯತ ಮನೆಗಳೇ ಹೆಚ್ಚಿರುವ ಈ ಸೀಮೆಯಲ್ಲಿ ಇನ್ನೊಂದು ಗಂಭೀರ ಆಕ್ಷೇಪ ಬರುತ್ತದೆ: ವಾರ, ತಿಥಿಗಳ ಹಂಗನ್ನು ಶರಣರು ನಿರಾಕರಿಸಿದ್ದಾರೆ, ಹಾಗಿರುವಾಗ ಈ ಲೆಕ್ಕಾಚಾರವೇಕೆ? ಆಕ್ಷೇಪ ನ್ಯಾಯವಾದದ್ದು. ದಿನಕ್ಕೇ ಶಕ್ತಿಯಿದೆ ಎಂದು ನಂಬಿ ಹಿಡಿಯುವ ವಾರಕ್ಕೆ ಅದು ನೇರವಾಗಿ ತಾಗುತ್ತದೆ. ಆದರೆ ಅದೇ 12ನೇ ಶತಮಾನದ ಏಲೇಶ್ವರದ ಅಕ್ಕಮ್ಮ ತನ್ನ ವಚನಗಳ ಕೇಂದ್ರದಲ್ಲೇ ವ್ರತವನ್ನಿಟ್ಟವಳು. ‘ಆಚಾರವೆ ಪ್ರಾಣವಾದ ರಾಮೇಶ್ವರಲಿಂಗ’ ಎಂಬುದು ಆಕೆಯ ಅಂಕಿತ. ಆಕೆಗೆ ವ್ರತವೆಂದರೆ ಹಿಡಿದ ನೇಮಕ್ಕೆ ತಪ್ಪದಿರುವುದು. ವಾರದ ಮಹಿಮೆಯನ್ನು ಒಪ್ಪದವರೂ ಆಡಿದ ಮಾತಿನ ಭಾರವನ್ನು ಒಪ್ಪಬಲ್ಲರು. ಸಂಕಲ್ಪವನ್ನು ಆಲೋಚಿಸಿ ಆಡಬೇಕೆಂಬ ವಾದ ಅಲ್ಲಿ ಇನ್ನಷ್ಟು ಬಿಗಿಯಾಗುತ್ತದೆ.

ಉದ್ಯಾಪನೆಯಿಲ್ಲದ ವ್ರತ ನಿಷ್ಫಲ ಎಂದು ಸಾರುವ ಶಾಸ್ತ್ರವಚನಗಳೇ ಇರುವಾಗ ಮೊದಲ ದಿನದ ಮಾತಿಗೆ ಇಷ್ಟು ಮಹತ್ವ ಕೊಡುವುದು ಸರಿಯೇ ಎಂದು ಕೇಳಬಹುದು. ಧರ್ಮಶಾಸ್ತ್ರದ ಇತಿಹಾಸ ಬರೆದ ಪಿ. ವಿ. ಕಾಣೆಯವರು 1958ರಲ್ಲಿ ಬಂದ ಐದನೆಯ ಸಂಪುಟದಲ್ಲಿ ವ್ರತಗಳನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಅವರು ಗಮನಿಸಿದ ನಿಯಮಗಳಲ್ಲಿ, ಕೋಪ, ಮರೆವು, ಆಸೆಗಳಿಂದ ವ್ರತ ಮುರಿದವರು ಮೂರು ದಿನ ಉಣ್ಣದಿರಬೇಕು ಅಥವಾ ತಲೆ ಬೋಳಿಸಬೇಕು, ನಂತರ ಮತ್ತೆ ವ್ರತ ಹಿಡಿಯಬೇಕು ಎಂಬುದೊಂದು. ಧರ್ಮಕ್ಕಾಗಿ ವ್ರತ ಹಿಡಿದು, ಮುಗಿಸುವ ಮುನ್ನ ತೀರಿಹೋದವರಿಗೆ ಪೂರ್ಣ ಫಲವಿದೆ ಎಂಬುದು ಇನ್ನೊಂದು. ಇಬ್ಬರೂ ಮುಗಿಸಲಿಲ್ಲ. ಒಬ್ಬರು ತಮ್ಮ ಮಾತನ್ನು ತಾವೇ ಬಿಟ್ಟರು, ಇನ್ನೊಬ್ಬರ ಕೈಯಿಂದ ಅದು ತಪ್ಪಿತು. ಶಾಸ್ತ್ರ ಒಬ್ಬರಿಗೆ ಪ್ರಾಯಶ್ಚಿತ್ತವನ್ನೂ ಇನ್ನೊಬ್ಬರಿಗೆ ಫಲವನ್ನೂ ಹೇಳುವಾಗ ಅಳೆಯುತ್ತಿರುವುದು ಕಳೆದ ಸೋಮವಾರಗಳ ಎಣಿಕೆಯನ್ನಲ್ಲ, ಸಂಕಲ್ಪವನ್ನು.