‘ಈಗ’ ಎಂಬ ಪದದ ಪಯಣ: ಹೆಗೆಲ್‌ನ ಗತಿತರ್ಕ ಮತ್ತು ಮೂರು ಮೆಟ್ಟಿಲುಗಳ ಸೂತ್ರ

ಹೆಗೆಲ್‌ನ ಗತಿತರ್ಕವನ್ನು ವಾದ, ಪ್ರತಿವಾದ, ಸಂವಾದ ಎಂಬ ಮೂರು ಮೆಟ್ಟಿಲುಗಳಾಗಿ ಹೇಳಿಕೊಡುವ ರೂಢಿ ಬಲವಾಗಿ ಬೇರೂರಿದೆ. ಒಂದು ನಿಲುವು ಹುಟ್ಟುತ್ತದೆ, ಅದಕ್ಕೆ ಎದುರಾಗಿ ಇನ್ನೊಂದು ಏಳುತ್ತದೆ, ಎರಡರಲ್ಲಿನ ಸತ್ವವನ್ನು ಆರಿಸಿ ಬೆಸೆದರೆ ಮೂರನೆಯದು ದೊರೆಯುತ್ತದೆ ಎಂಬುದು ಈ ಸೂತ್ರದ ತಿರುಳು. ಹೆಗೆಲ್ ತನ್ನ ವಿಧಾನಕ್ಕೆ ಈ ಹೆಸರನ್ನು ಕೊಟ್ಟಿರಲಿಲ್ಲ. ಹೆಸರಿನ ತಪ್ಪನ್ನಾದರೂ ಮನ್ನಿಸಬಹುದು. ಆದರೆ ಈ ಸೂತ್ರವನ್ನು ಕೈಯಲ್ಲಿ ಹಿಡಿದು ಅವನ ಗ್ರಂಥವನ್ನು ತೆರೆದವರಿಗೆ ಅಲ್ಲಿ ನಡೆಯುವುದು ಕಾಣುವುದೇ ಇಲ್ಲ. ನನ್ನ ಮುಖ್ಯ ತಕರಾರು ಇದು.

ಸೂತ್ರದ ಮೂಲವನ್ನು ಚುಟುಕಾಗಿ ಹೇಳಿಬಿಡಬಹುದು. ಕಾಂಟ್ ತನ್ನ ವಿಮರ್ಶೆಯಲ್ಲಿ ಪರಸ್ಪರ ವಿರೋಧಿಯಾದ ಪ್ರತಿಪಾದನೆಗಳನ್ನು ವಾದ–ಪ್ರತಿವಾದಗಳಾಗಿ ಎದುರುಬದುರು ಇಟ್ಟ. 1794ರಲ್ಲಿ ಫಿಕ್ಟೆ ಈ ಜೋಡಿಗೆ ಸಂವಾದವನ್ನೂ ಸೇರಿಸಿ, ಮೂರನ್ನೂ ತನ್ನ ಜ್ಞಾನಶಾಸ್ತ್ರದ ವಿಧಾನವಾಗಿಸಿದ. ಹೆಗೆಲ್ ತನ್ನ ಉಪನ್ಯಾಸಗಳಲ್ಲಿ ಈ ಮೂರು ಪದಗಳನ್ನು ಕಾಂಟ್‌ನ ಬಗ್ಗೆ ಬಳಸಿದ್ದುಂಟು. ಅವನು ತೀರಿಕೊಂಡದ್ದು 1831ರಲ್ಲಿ. 1837ರಲ್ಲಿ ಕಾಂಟ್‌ನಿಂದ ಹೆಗೆಲ್‌ವರೆಗಿನ ತತ್ವಶಾಸ್ತ್ರವನ್ನು ಪರಿಚಯಿಸುವ ಜನಪ್ರಿಯ ಪುಸ್ತಕವೊಂದನ್ನು ಬರೆದ ಷಾಲಿಬೇಯುಸ್ ಈ ಪದಗಳನ್ನು ಹೆಗೆಲ್‌ಗೇ ಅಂಟಿಸಿದ. 1847ರಲ್ಲಿ ಪ್ರೂಧೋನ್‌ನನ್ನು ಖಂಡಿಸುತ್ತ ಮಾರ್ಕ್ಸ್ ಇದೇ ಪರಿಭಾಷೆಯನ್ನು ಬಳಸಿದ್ದರಿಂದ ಸೂತ್ರ ಜಗತ್ತಿನಾದ್ಯಂತ ಹರಡಿತು. ಈ ದಂತಕಥೆಯ ಜಾಡನ್ನು ಗುಸ್ತಾವ್ ಮ್ಯುಲರ್ 1958ರಲ್ಲೇ ಒಂದು ಪ್ರಬಂಧದಲ್ಲಿ ಬಿಡಿಸಿ ತೋರಿಸಿದ್ದಾರೆ. ಆದರೂ ಪಠ್ಯಪುಸ್ತಕಗಳು ಅದನ್ನು ಬಿಟ್ಟಿಲ್ಲ.

ಹಾಗಾದರೆ ವಿಚಾರ ನಿಜವಾಗಿ ಸಾಗುವುದು ಹೇಗೆ? 1807ರ ‘ಚೈತನ್ಯದ ಪ್ರತ್ಯಕ್ಷಮೀಮಾಂಸೆ’ಯ ಮೊದಲ ಅಧ್ಯಾಯವನ್ನೇ ನೋಡೋಣ. ಅದರ ವಸ್ತು ಇಂದ್ರಿಯನಿಶ್ಚಯ. ಕಣ್ಣೆದುರು ಇರುವುದು ಇದೆ, ಅಷ್ಟೇ ಸತ್ಯ, ಅದರ ಮೇಲೆ ಯಾವ ಪರಿಕಲ್ಪನೆಯನ್ನೂ ಹೊರಿಸಬೇಕಾಗಿಲ್ಲ ಎನ್ನುವ ಪ್ರಜ್ಞೆ ಅದು. ಹೆಗೆಲ್ ಅದರೊಡನೆ ವಾದಕ್ಕೆ ಇಳಿಯುವುದಿಲ್ಲ. ನಿನ್ನ ‘ಈಗ’ ಯಾವುದು ಎಂದು ಮಾತ್ರ ಕೇಳುತ್ತಾನೆ. ಈಗ ರಾತ್ರಿ ಎಂಬ ಉತ್ತರ ಬರುತ್ತದೆ. ಸರಿ, ಅದನ್ನು ಒಂದು ಚೀಟಿಯಲ್ಲಿ ಬರೆದಿಡೋಣ. ಬರೆದಿಟ್ಟ ಮಾತ್ರಕ್ಕೆ ಸತ್ಯವೊಂದು ಕೆಡಬಾರದಲ್ಲ! ಮರುದಿನ ಮಧ್ಯಾಹ್ನ ಚೀಟಿ ತೆಗೆದು ನೋಡಿದರೆ ಆ ಸತ್ಯ ಹಳಸಿಹೋಗಿದೆ.

ಮೂರು ಮೆಟ್ಟಿಲಿನವರು ಇಲ್ಲಿ ರಾತ್ರಿಯನ್ನು ವಾದವೆಂದೂ ಹಗಲನ್ನು ಪ್ರತಿವಾದವೆಂದೂ ಎಣಿಸಬೇಕಾಗುತ್ತದೆ. ಆಗ ಸಂವಾದ ಯಾವುದು? ಮುಸ್ಸಂಜೆಯೇ? ಹೆಗೆಲ್ ಹಗಲು ರಾತ್ರಿಗಳನ್ನು ಬೆರೆಸಲು ಹೋಗುವುದಿಲ್ಲ. ಎರಡೂ ಬದಲಾದರೂ ಉಳಿದದ್ದೇನು ಎಂಬುದರತ್ತ ಅವನ ಕಣ್ಣು. ಉಳಿದದ್ದು ‘ಈಗ’ ಎಂಬುದೊಂದೇ. ಅದು ರಾತ್ರಿಯೂ ಅಲ್ಲ, ಹಗಲೂ ಅಲ್ಲ. ಎರಡಕ್ಕೂ ಒಪ್ಪುತ್ತದೆ, ಯಾವುದಕ್ಕೂ ಕಟ್ಟುಬೀಳುವುದಿಲ್ಲ. ಅಂದರೆ ಅದು ಸಾಮಾನ್ಯ. ಅತ್ಯಂತ ಬಿಡಿಯಾದದ್ದನ್ನು ಹಿಡಿದಿದ್ದೇನೆ ಎಂದುಕೊಂಡ ಪ್ರಜ್ಞೆ ಬಾಯಿಬಿಟ್ಟಾಗ ನುಡಿದದ್ದು ಅತ್ಯಂತ ಸಾಮಾನ್ಯವಾದದ್ದನ್ನು. ಇಲ್ಲಿ ಎದುರಾಳಿ ಯಾರೂ ಬಂದಿಲ್ಲ. ಅದು ತಾನೇ ಇಟ್ಟುಕೊಂಡ ಅಳತೆಗೋಲಿನಲ್ಲಿ ತಾನೇ ಅಳೆಸಿಕೊಂಡು ಸೋತಿದೆ.

ಸೋತ ಪ್ರಜ್ಞೆ ಸುಮ್ಮನಾಗುವುದಿಲ್ಲ. ವಸ್ತುವಿನಲ್ಲಿ ನಿಶ್ಚಯ ಸಿಗದಿದ್ದರೆ ನೋಡುವ ನನ್ನಲ್ಲಿದೆ ಎನ್ನುತ್ತದೆ: ಈಗ ಹಗಲು, ಏಕೆಂದರೆ ನಾನು ಕಾಣುತ್ತಿದ್ದೇನೆ. ಆದರೆ ಒಬ್ಬ ‘ನಾನು’ ಮರವನ್ನು ಕಾಣುವಾಗ ಇನ್ನೊಬ್ಬ ‘ನಾನು’ ಮನೆಯನ್ನು ಕಾಣುತ್ತಾನೆ. ಇಬ್ಬರ ನಿಶ್ಚಯಕ್ಕೂ ಒಂದೇ ಬಲ. ‘ನಾನು’ ಎಂಬುದೂ ‘ಈಗ’ದಂತೆಯೇ ಸಾಮಾನ್ಯವಾಗಿಬಿಟ್ಟಿತು. ಕೊನೆಗೆ ಪ್ರಜ್ಞೆ ಹೋಲಿಕೆಯನ್ನೇ ಬಿಟ್ಟು, ನಾನೂ ನನ್ನೆದುರಿನದೂ ಸೇರಿದ ಈ ಒಂದು ಕ್ಷಣದಲ್ಲೇ ನಿಲ್ಲುತ್ತೇನೆ, ಮಾತಾಡುವುದಿಲ್ಲ, ಬೆರಳಿಟ್ಟು ತೋರಿಸುತ್ತೇನೆ ಎನ್ನುತ್ತದೆ.

ಎಚ್ಚರದ ಓದುಗರು ಇಲ್ಲಿ ಆಕ್ಷೇಪವೆತ್ತಬಹುದು. ಮೊದಲು ವಸ್ತು, ಆಮೇಲೆ ನಾನು, ಕಡೆಗೆ ಎರಡೂ ಸೇರಿದ ಇಡಿ. ಇದು ವಾದ–ಪ್ರತಿವಾದ–ಸಂವಾದವೇ ಅಲ್ಲವೇ? ಈ ಆಕ್ಷೇಪ ಒಳ್ಳೆಯದು, ಏಕೆಂದರೆ ಸೂತ್ರ ಮುರಿಯುವುದು ಸರಿಯಾಗಿ ಈ ಜಾಗದಲ್ಲೇ. ಎರಡನ್ನೂ ಕೂಡಿಸಿದಂತೆ ಕಾಣುವ ಈ ಮೂರನೆಯ ನಿಲುವೂ ಸೋಲುತ್ತದೆ, ಉಳಿದೆರಡಕ್ಕಿಂತ ಪೂರ್ತಿಯಾಗಿ ಸೋಲುತ್ತದೆ. ಬೆರಳು ತೋರಿಸುವಷ್ಟರಲ್ಲಿ ಆ ‘ಈಗ’ ಕಳೆದುಹೋಗಿರುತ್ತದೆ. ಕಳೆದದ್ದು ಇಲ್ಲವಾದ್ದರಿಂದ ಮತ್ತೆ ‘ಈಗ’ಕ್ಕೆ ಮರಳಬೇಕು. ಮರಳಿ ಸಿಕ್ಕಿದ್ದು ಮೊದಲಿನ ಬಿಂದುವಲ್ಲ. ತನ್ನೊಳಗೆ ಅನೇಕ ‘ಈಗ’ಗಳನ್ನು ಹೊತ್ತ ಒಂದು ಗಂಟೆ, ಒಂದು ದಿನ. ತೋರಿಸುವುದು ಕೂಡ ಒಂದು ಚಲನೆ ಎಂಬುದನ್ನು ಪ್ರಜ್ಞೆ ತನ್ನ ಬೆರಳಿನಿಂದಲೇ ಕಲಿಯಿತು. ಹೀಗೆ ಅನೇಕವನ್ನು ಒಳಗೊಂಡ ಒಂದು ಎಂಬುದೇ ಮುಂದಿನ ಅಧ್ಯಾಯದ ವಿಷಯವಾದ ಗ್ರಹಿಕೆ. ಅಲ್ಲಿ ಹೆಗೆಲ್ ಎತ್ತಿಕೊಳ್ಳುವುದು ಉಪ್ಪಿನ ಹರಳನ್ನು: ಬಿಳುಪು, ಖಾರ, ಘನಾಕಾರ, ಎಲ್ಲವೂ ಒಂದೇ ಹರಳಿನಲ್ಲಿ. ಉಪ್ಪಿನ ಹರಳು ವಸ್ತು ಮತ್ತು ನಾನು ಎಂಬ ಹಳೆಯ ಜೋಡಿಯ ಬೆಸುಗೆಯಲ್ಲ. ಆ ಇಡೀ ನೋಟ ಕುಸಿದ ಬಗೆಯಿಂದಲೇ ಹುಟ್ಟಿದ ಹೊಸ ವಿಷಯ, ಹೊಸ ಅಳತೆಗೋಲಿನ ಸಮೇತ.

ಇದನ್ನೇ ಹೆಗೆಲ್ ನಿರ್ದಿಷ್ಟ ನಿಷೇಧ ಎನ್ನುತ್ತಾನೆ. ಸಂದೇಹವಾದಿ ಪ್ರತಿ ಸೋಲಿನ ಕೊನೆಗೂ ಒಂದೇ ಬಗೆಯ ಶೂನ್ಯವನ್ನು ಕಾಣುತ್ತಾನೆ. ಹೆಗೆಲ್‌ಗೆ ಶೂನ್ಯವೆಂಬುದು ಯಾವುದರ ಸೋಲಿನಿಂದ ಬಂತೋ ಅದರ ಶೂನ್ಯ. ಅದಕ್ಕೆ ತನ್ನದೇ ಒಳತಿರುಳಿದೆ. ಅವನು ಇದಕ್ಕೆ ಬಳಸುವ ‘ಔಫ್‌ಹೇಬೆನ್’ ಎಂಬ ಜರ್ಮನ್ ಕ್ರಿಯಾಪದಕ್ಕೆ ಕೊನೆಗಾಣಿಸು, ಕಾಪಿಡು ಎಂಬ ಎರಡೂ ಅರ್ಥಗಳು ದಿನಬಳಕೆಯಲ್ಲೇ ಇವೆ ಎಂದು ಸ್ವತಃ ಟಿಪ್ಪಣಿ ಬರೆದಿದ್ದಾನೆ. ಎತ್ತು ಎಂಬುದು ಪದದ ಮೈಯಲ್ಲೇ ಇದೆ. ಇದಕ್ಕೆ ಸಂಸ್ಕೃತದ ಸಮಾಸ ಹುಡುಕುವ ಮುನ್ನ ನಮ್ಮ ಅಡುಗೆಮನೆಯ ‘ಎತ್ತಿಡು’ ಎಂಬುದನ್ನು ನೆನೆಯಬೇಕು. ಊಟ ಮುಗಿದ ಮೇಲೆ ಪಂಕ್ತಿಯಲ್ಲಿ ಉಳಿದ ಅನ್ನವನ್ನು ಎತ್ತಿಡುತ್ತೇವೆ. ಪಂಕ್ತಿಯ ಮಟ್ಟಿಗೆ ಅದರ ಕೆಲಸ ಮುಗಿಯಿತು, ಆದರೆ ಅನ್ನ ಉಳಿಯಿತು, ಬೇರೊಂದು ಜಾಗ ಸೇರಿತು. ರದ್ದುಮಾಡು ಎಂಬ ಕಟುವಾದ ಅರ್ಥ ಅದರಲ್ಲಿ ಅಷ್ಟಾಗಿ ಇಲ್ಲವೆಂಬುದು ನಿಜ. ಆದರೂ ‘ಸಮನ್ವಯ’ಕ್ಕಿಂತ ಅದೇ ಹತ್ತಿರದ ಮಾತು, ಸಮನ್ವಯದಲ್ಲಿ ಸೋಲಿಗೆ ಜಾಗವೇ ಇಲ್ಲ.

ಹೆಗೆಲ್ ತನ್ನ ಗ್ರಂಥಗಳನ್ನು ಹೆಚ್ಚಾಗಿ ಮೂರು ಮೂರು ಭಾಗಗಳಾಗಿಯೇ ಜೋಡಿಸಿದ್ದಾನೆ ಎಂಬುದನ್ನು ಒಪ್ಪಬೇಕು. 1830ರ ‘ವಿಶ್ವಕೋಶ’ದ 79ನೆಯ ಪರಿಚ್ಛೇದದಲ್ಲೂ ತರ್ಕಕ್ಕೆ ಮೂರು ಮುಖಗಳನ್ನು ಹೇಳುತ್ತಾನೆ: ಬಿಡಿಸಿ ಗೆರೆಯೆಳೆಯುವ ಬುದ್ಧಿ, ಆ ಗೆರೆ ತಾನಾಗಿ ದಾಟಿಹೋಗುವ ಗತಿ, ದಾಟಿದ್ದರಲ್ಲಿ ಉಳಿಯುವ ಐಕ್ಯವನ್ನು ಹಿಡಿಯುವ ವಿವೇಕ. ಆದರೆ ಇವು ತರ್ಕದ ಮೂರು ಭಾಗಗಳಲ್ಲ, ಪ್ರತಿಯೊಂದು ಪರಿಕಲ್ಪನೆಯ ಒಳಗೂ ಇರುವ ಮುಖಗಳು ಎಂದು ಕೂಡಲೇ ಎಚ್ಚರಿಸುತ್ತಾನೆ. ಹೊರಗಿನಿಂದ ಸೂತ್ರ ಹೊದಿಸುವವರನ್ನು 1807ರ ಮುನ್ನುಡಿಯಲ್ಲಿ ಅವನು ಎರಡೇ ಬಣ್ಣವಿರುವ ಚಿತ್ರಕಾರನಿಗೆ ಹೋಲಿಸಿದ್ದುಂಟು: ಇತಿಹಾಸದ ಚಿತ್ರ ಕೇಳಿದರೆ ಕೆಂಪು, ನಿಸರ್ಗದ್ದು ಕೇಳಿದರೆ ಹಸಿರು.

ಗತಿತಾರ್ಕಿಕವೆಂದು ಹೇಳಿಕೊಳ್ಳುವ ಬರಹವನ್ನು ಓದುವಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಎರಡನೆಯದು ಮೊದಲನೆಯದರ ಒಳಗಿನಿಂದ ಬಂತೇ, ಲೇಖಕ ಹೊರಗಿನಿಂದ ತಂದು ಇಟ್ಟನೇ? ಬಂಡವಾಳಶಾಹಿ ವಾದ, ಸಮಾಜವಾದ ಪ್ರತಿವಾದ, ಮಿಶ್ರ ಆರ್ಥಿಕತೆ ಸಂವಾದ ಎಂದು ಬರೆದವರು ಮೂರು ವಸ್ತುಗಳನ್ನು ಕಪಾಟಿನಲ್ಲಿ ಜೋಡಿಸಿದ್ದಾರೆ. ಒಂದು ಇನ್ನೊಂದಾದ ಬಗೆಯನ್ನು ತೋರಿಸಿಲ್ಲ. ಇದೇ ಪ್ರಶ್ನೆಯನ್ನು ಹೆಗೆಲ್‌ಗೂ ಕೇಳಬೇಕು. ಇಂದ್ರಿಯನಿಶ್ಚಯವು ಮಾತಿನಲ್ಲಿ ಸೋತರೆ ಇಂದ್ರಿಯವೇ ಸೋತಂತೆ ಆಯಿತೇ ಎಂದು ಫಾಯರ್‌ಬಾಖ್ 1839ರಲ್ಲಿ ಕೇಳಿದ್ದು ಇಂದಿಗೂ ಗಟ್ಟಿ ಪ್ರಶ್ನೆ. ‘ಅದನ್ನು ಬರೆದಿಡೋಣ’ ಎಂದವನು ಹೆಗೆಲ್ ತಾನೇ? ಬೆರಳು ತೋರಿಸುವ ಹಂತ ಇದಕ್ಕೆ ಅವನ ಉತ್ತರವೆಂದು ನಾನು ಓದುತ್ತೇನೆ. ಆ ಉತ್ತರ ಸಾಲದು ಎನ್ನುವವರು ಅದನ್ನು ತೋರಿಸಬೇಕಾದದ್ದು ಅದೇ ಪುಟಗಳ ಮೇಲೆ.

ಮೂರೆಂಬ ಎಣಿಕೆಗೆ ಅವನೆಷ್ಟು ಬೆಲೆ ಕೊಟ್ಟಿದ್ದನೆಂಬುದು 1816ರಲ್ಲಿ ಬಂದ ‘ತರ್ಕಶಾಸ್ತ್ರ’ದ ಕೊನೆಯ ಸಂಪುಟದಲ್ಲಿದೆ. ವಿಧಾನವನ್ನೇ ವಿವರಿಸುವ ಅದರ ಅಂತಿಮ ಅಧ್ಯಾಯದಲ್ಲಿ, ಎಣಿಸಲೇಬೇಕೆಂದರೆ ಮೂರರ ಬದಲು ನಾಲ್ಕೆಂದೂ ಎಣಿಸಬಹುದು ಎಂದು ಹೆಗೆಲ್ ಬರೆದಿದ್ದಾನೆ.