ಸ್ಕ್ಯಾನ್ ಮಾಡಿದ ಪೆನ್ಸಿಲ್ ಚಿತ್ರದ ಶುದ್ಧೀಕರಣ

ಸ್ಕ್ಯಾನ್ ಮಾಡಿದ ಪೆನ್ಸಿಲ್ ಚಿತ್ರದ ಶುದ್ಧೀಕರಣ ಎಂದರೆ ಕಾಗದದ ಮೇಲೆ ಬಿಡಿಸಿದ ಚಿತ್ರವನ್ನು ಗಣಕಕ್ಕೆ ತಂದ ಬಳಿಕ, ಅದರಲ್ಲಿ ಉಳಿದಿರುವ ಅನಗತ್ಯ ಗೆರೆಗಳನ್ನೂ ಕೈತಾಗಿ ಹರಡಿದ ಪೆನ್ಸಿಲ್ ಕಲೆಗಳನ್ನೂ ತೆಗೆಯುವ ಕ್ರಿಯೆ. ಮಸಿಗೆರೆ ಎಳೆಯುವ ಮತ್ತು ಬಣ್ಣ ತುಂಬುವ ಮೊದಲು ಇದನ್ನು ಮಾಡಲಾಗುತ್ತದೆ. ಕಲೆ ಉಳಿದರೆ ಬಣ್ಣ ತುಂಬುವ ಉಪಕರಣವು ಅದನ್ನು ಗಡಿಯೆಂದು ಪರಿಗಣಿಸಿ ಅಲ್ಲಿ ಬಣ್ಣವಿಲ್ಲದ ಚುಕ್ಕೆಗಳನ್ನು ಬಿಡುತ್ತದೆ.

## ಸ್ಕ್ಯಾನ್

ಸಾಮಾನ್ಯ ಪೆನ್ಸಿಲ್ ಚಿತ್ರವನ್ನು ಅಂಗುಲಕ್ಕೆ 300 ಅಥವಾ 600 ಬಿಂದುಗಳಂತೆ, ಬೂದುಛಾಯೆಯಲ್ಲಿ ಸ್ಕ್ಯಾನ್ ಮಾಡುವುದು ರೂಢಿ. ಬರಿಯ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಗೆರೆ ಮತ್ತು ಕಲೆಗಳ ನಡುವಣ ಛಾಯಾಭೇದ ಅಳಿದುಹೋಗುತ್ತದೆ. ಶುದ್ಧೀಕರಣಕ್ಕೆ ಆಧಾರವೇ ಆ ಭೇದ. ಕಡತವನ್ನು PNG ಅಥವಾ TIFF ರೂಪದಲ್ಲಿ ಉಳಿಸಲಾಗುತ್ತದೆ, ಏಕೆಂದರೆ JPEG ಸಂಕೋಚನವು ಗೆರೆಗಳ ಅಂಚಿನಲ್ಲಿ ಹೊಸ ಕಲೆಗಳನ್ನು ಹುಟ್ಟಿಸುತ್ತದೆ.

## ಛಾಯೆಯ ಹೊಂದಾಣಿಕೆ

ಬೂದುಛಾಯೆಯಲ್ಲಿ ಕಪ್ಪಿಗೆ 0, ಬಿಳುಪಿಗೆ 255 ಎಂಬ ಬೆಲೆಗಳಿವೆ. ಒಂದು ಚಿತ್ರದಲ್ಲಿ ಕಾಗದ 240, ಕಲೆ 210, ಮುಖ್ಯ ಗೆರೆ 100ರ ಆಸುಪಾಸಿನಲ್ಲಿವೆ ಎಂದು ಭಾವಿಸೋಣ. ಗಿಂಪ್ ತಂತ್ರಾಂಶದ `Colors > Levels` ಆಯ್ಕೆಯಲ್ಲಿ ಕಪ್ಪು ಮಿತಿಯನ್ನು 80ಕ್ಕೂ ಬಿಳಿ ಮಿತಿಯನ್ನು 200ಕ್ಕೂ ಇರಿಸಿದರೆ, 200ಕ್ಕಿಂತ ತೆಳುವಾದುದೆಲ್ಲ ಶುದ್ಧ ಬಿಳುಪಾಗುತ್ತದೆ. ಹೀಗೆ ಕಾಗದದ ಮಬ್ಬು ಮತ್ತು ಕಲೆ ಒಟ್ಟಿಗೆ ಮಾಯವಾಗುತ್ತವೆ. 100ರ ಗೆರೆ ಸುಮಾರು 43ಕ್ಕೆ ಇಳಿದು ಇನ್ನಷ್ಟು ಕಪ್ಪಾಗುತ್ತದೆ.

ಈ ವಿಧಾನ ಬೆಲೆಯನ್ನಷ್ಟೇ ನೋಡುತ್ತದೆ, ಗೆರೆಯ ಉದ್ದೇಶವನ್ನಲ್ಲ. ಕೆನ್ನೆಯ ಅಂಚನ್ನು ಹಗುರವಾಗಿ ಎಳೆದಿದ್ದು ಅದರ ಬೆಲೆಯೂ 205 ಆಗಿದ್ದರೆ, ಕಲೆಯ ಜೊತೆಗೆ ಅದೂ ಅಳಿಯುತ್ತದೆ. ಗೆರೆಗಳು ತುಂಡಾಗತೊಡಗಿದರೆ ಬಿಳಿ ಮಿತಿಯನ್ನು 220ರಂತಹ ಹೆಚ್ಚಿನ ಬೆಲೆಗೆ ಸರಿಸಿ, ಉಳಿದ ಕಲೆಗಳನ್ನು ಕೈಯಿಂದಲೇ ಅಳಿಸಬೇಕಾಗುತ್ತದೆ. ಆದ್ದರಿಂದ ಮೂಲ ಚಿತ್ರವನ್ನು ಬೇರೊಂದು ಪದರದಲ್ಲಿ ಹಾಗೆಯೇ ಕಾಯ್ದಿರಿಸುವುದು ಅಗತ್ಯ.

## ಕೈಯಿಂದ ಅಳಿಸುವಿಕೆ

ಮುಖ್ಯ ಗೆರೆಯಷ್ಟೇ ಗಾಢವಾದ ಅನಗತ್ಯ ಗೆರೆಗಳನ್ನು ಛಾಯೆಯ ಆಧಾರದಿಂದ ಬೇರ್ಪಡಿಸಲಾಗದು. ಅವುಗಳ ಮೇಲೆ ಗಟ್ಟಿ ಅಂಚಿನ ಕುಂಚದಿಂದ ಬಿಳಿ ಬಣ್ಣ ಬಳಿಯಲಾಗುತ್ತದೆ. ಮೃದು ಅಂಚಿನ ಕುಂಚವು ಸುತ್ತಲೂ ಕಣ್ಣಿಗೆ ಕಾಣದ ತೆಳು ಬೂದು ಉಳಿಸುವ ಸಾಧ್ಯತೆಯಿದೆ.

ರಚನಾರೇಖೆಗಳನ್ನು ಮೊದಲೇ ತಿಳಿನೀಲಿ ಪೆನ್ಸಿಲಿನಲ್ಲಿ ಎಳೆದಿದ್ದರೆ ಈ ಶ್ರಮ ಕಡಿಮೆಯಾಗುತ್ತದೆ. ಅಂಥ ಚಿತ್ರವನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ನೀಲಿ ಚಾನೆಲನ್ನು ಮಾತ್ರ ಉಳಿಸಿಕೊಂಡರೆ, ಅದರಲ್ಲಿ ನೀಲಿ ಗೆರೆಗಳು ಕಾಗದದಷ್ಟೇ ಬಿಳುಪಾಗಿ ಬಹುಪಾಲು ಮರೆಯಾಗುತ್ತವೆ.

## ಪರಿಶೀಲನೆ

ಶುಭ್ರವಾಗಿ ಕಾಣುವ ಚಿತ್ರದಲ್ಲಿಯೂ 250ರಂತಹ ಬೆಲೆಯ ಕಲೆಗಳು ಅಡಗಿರಬಹುದು. ಚಿತ್ರದ ಒಂದು ಪ್ರತಿಯ ಮೇಲೆ `Colors > Threshold` ಆಯ್ಕೆಯ ಕೆಳಮಿತಿಯನ್ನು 255ಕ್ಕೆ ಇರಿಸಿದರೆ ಶುದ್ಧ ಬಿಳುಪಲ್ಲದ ಎಲ್ಲವೂ ಕಪ್ಪಾಗಿ ತೋರುತ್ತದೆ. ಆ ಗುರುತುಗಳನ್ನು ನೋಡಿಕೊಂಡು ಕೆಲಸದ ಪದರದಲ್ಲಿ ಉಳಿದ ಕಲೆಗಳನ್ನು ಅಳಿಸಿ, ಬಳಿಕ ಪರೀಕ್ಷಾ ಪ್ರತಿಯನ್ನು ತೆಗೆದುಹಾಕಲಾಗುತ್ತದೆ. ಮಸಿಗೆರೆಯನ್ನು ಇದರ ಮೇಲಿನ ಹೊಸ ಪದರದಲ್ಲಿ ಎಳೆಯಲಾಗುತ್ತದೆ.