ಡ್ಯಾಶ್‌ಬೋರ್ಡ್‌ನ ಗೇರ್ ಬಾಣ, ಹಸಿರು ಇಕೋ ದೀಪ: ಮೈಲೇಜ್ ಬಗ್ಗೆ ಇವು ಹೇಳುವುದೇನು?

ಪುಣೆ: ಹೊಸ ಕಾರಿನ ಬ್ರೋಷರ್‌ನಲ್ಲಿ 'ಎಆರ್‌ಎಐ ಮೈಲೇಜ್' ಎಂದು ಬರೆದಿರುವುದನ್ನು ನೋಡಿರುತ್ತೀರಿ. ಈ ಎಆರ್‌ಎಐ ಎಂದರೆ ಪುಣೆಯಲ್ಲಿರುವ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ. ಆ ಅಂಕಿ ರಸ್ತೆಯಲ್ಲಿ ಸಿಗುವುದಿಲ್ಲ ಎಂಬ ದೂರು ಹಳೆಯದು. ಅದಕ್ಕೆ ಒಂದು ಕಾರಣ ಗೇರ್.

ಇಂಥ ಪರೀಕ್ಷೆಯಲ್ಲಿ ಕಾರು ರಸ್ತೆಗೆ ಇಳಿಯುವುದಿಲ್ಲ, ರೋಲರ್‌ಗಳ ಮೇಲೆ ಸುಮಾರು 20 ನಿಮಿಷ ಓಡುತ್ತದೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಎಸಿ ಆಫ್. ಮ್ಯಾನುಯಲ್ ಕಾರಿನಲ್ಲಿ ಯಾವ ವೇಗಕ್ಕೆ ಯಾವ ಗೇರ್ ಎಂಬುದೂ ಮೊದಲೇ ನಿಗದಿ. ನಗರದ ಭಾಗದಲ್ಲಿ 15 ಕಿ.ಮೀ. ವೇಗಕ್ಕೇ ಎರಡನೇ ಗೇರ್ ಬೀಳುತ್ತದೆ. ನಾವು ಅಷ್ಟು ಬೇಗ ಬದಲಿಸುವುದು ಅಪರೂಪ.

ಡ್ಯಾಶ್‌ಬೋರ್ಡ್‌ನ ಮೇಲ್ಮುಖ ಬಾಣ ನೆನಪಿಸುವುದು ಇದನ್ನೇ. ಎಂಜಿನ್ ಸುತ್ತು, ಕಾರಿನ ವೇಗ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದನ್ನು ನೋಡಿ ಕಾರಿನ ಕಂಪ್ಯೂಟರ್ ಬಾಣ ತೋರಿಸುತ್ತದೆ. ಸಣ್ಣ ಪೆಟ್ರೋಲ್ ಕಾರೊಂದು 50 ಕಿ.ಮೀ. ವೇಗದಲ್ಲಿ ಮೂರನೇ ಗೇರ್‌ನಲ್ಲಿದ್ದರೆ ಎಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 2,700 ಸುತ್ತು ತಿರುಗುತ್ತದೆ. ನಾಲ್ಕಕ್ಕೆ ಹಾಕಿದರೆ 1,900ರ ಆಸುಪಾಸು. ವೇಗ ಅದೇ, ಆದರೆ ಎಂಜಿನ್ ಒಳಗಿನ ಘರ್ಷಣೆ ಕಡಿಮೆ. ಜತೆಗೆ ಥ್ರಾಟಲ್ ಹೆಚ್ಚು ತೆರೆದಿರುವುದರಿಂದ ಗಾಳಿ ಎಳೆದುಕೊಳ್ಳಲು ಎಂಜಿನ್ ತಿಣುಕಬೇಕಿಲ್ಲ. ಪೆಟ್ರೋಲ್ ಉಳಿಯುವುದು ಇಲ್ಲಿ.

ಆದರೆ ಬಾಣಕ್ಕೆ ಮುಂದಿನ ರಸ್ತೆ ಕಾಣದು. ಐದು ಜನರನ್ನು ಕೂರಿಸಿಕೊಂಡು ಪುಣೆಯಿಂದ ಕಾತ್ರಜ್ ಹಳೇ ಘಾಟ್ ಏರುತ್ತಿದ್ದೀರಿ ಎಂದುಕೊಳ್ಳಿ. ತಿರುವಿಗೆ ಮುನ್ನ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದ ಕೂಡಲೇ ಬಾಣ ಮೇಲಿನ ಗೇರ್ ಕೇಳಬಹುದು. ಹಾಕಿದರೆ ತಿರುವು ದಾಟುತ್ತಲೇ ಕಾರು ನಡುಗುತ್ತದೆ, ಪೆಡಲ್ ಒತ್ತಿದರೂ ಎಳೆಯುವುದಿಲ್ಲ. ಅದು ಎಂಜಿನ್‌ಗೆ ಭಾರವಾಗಿದೆ ಎಂಬ ಗುರುತು. ಬಾಣ ಏನೇ ಹೇಳಲಿ, ಗೇರ್ ಇಳಿಸಬೇಕು.

ಅದೇ ಘಾಟ್ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಉಳಿತಾಯ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಇಂದಿನ ಕಾರುಗಳಲ್ಲಿ ಲೆಕ್ಕ ಉಲ್ಟಾ. ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳು ಇಂಧನ ನಿಲ್ಲಿಸುತ್ತವೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್‌ನಲ್ಲಿ ಪೆಟ್ರೋಲ್ ಕುಡಿಯುತ್ತದೆ, ಬ್ರೇಕ್ ಮೇಲೂ ಹೊರೆ.

ಇನ್ನು ಹಸಿರು ಇಕೋ ದೀಪ. ಹಲವು ಕಾರುಗಳಲ್ಲಿ ಅದು ಮುಖ್ಯವಾಗಿ ಗಮನಿಸುವುದು ಆ ಕ್ಷಣದ ಕಾಲೊತ್ತನ್ನು. ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಹದವಾಗಿ ಹೋಗುತ್ತಿದ್ದರೂ ಅದು ಉರಿಯಬಹುದು, ಗಾಳಿಯ ತಡೆಯಿಂದ 70ರ ವೇಗಕ್ಕಿಂತ ಹೆಚ್ಚು ಇಂಧನ ಸುಡುತ್ತಿದ್ದರೂ.

ಬಾಣ ಪಾಲಿಸಿದ್ದರಿಂದ ಎಷ್ಟು ಉಳಿಯಿತು ಎಂದು ತಿಳಿಯಲು ಟ್ಯಾಂಕ್ ಲೆಕ್ಕವೇ ಸರಿ. ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. 420 ಕಿ.ಮೀ. ಓಡಿದ ಮೇಲೆ ಅದೇ ಬಂಕ್‌ನಲ್ಲಿ ಮತ್ತೆ ಫುಲ್ ಮಾಡಿಸಿದಾಗ 28 ಲೀಟರ್ ಹಿಡಿದರೆ ಮೈಲೇಜ್ 15. ಒಂದು ಟ್ಯಾಂಕ್ ಎಂದಿನಂತೆ, ಇನ್ನೊಂದು ಬಾಣ ನೋಡಿಕೊಂಡು, ಅದೇ ದಾರಿಯಲ್ಲಿ ಓಡಿಸಿ ಹೋಲಿಸಿ.